ಸುವರ್ಣಾ ಬಿಟ್ಟುಬಿಟ್ಟ ಜೀವಕೋಶಗಳು

ಬಸವೇಶ್ವರನಗರದ ಮುಖ್ಯರಸ್ತೆಯಿಂದ ಒಳಗೆ ಎರಡು ತಿರುವು ತಿರುಗಿದರೆ, ಕೆಳಗೆ ಔಷಧಿ ಅಂಗಡಿ, ಮೇಲೆ ಯೋಗದ ಕ್ಲಾಸು ಇರುವ ಒಂದು ಕಟ್ಟಡ ಸಿಗುತ್ತದೆ. ನಡುವಿನ ಮಹಡಿಯಲ್ಲಿ ಕ್ರೋಮೋಸೋಮ್ ಪರೀಕ್ಷೆಯ ಲ್ಯಾಬು. ಸುವರ್ಣಾ ಅಲ್ಲಿ ಟೆಕ್ನಿಷಿಯನ್ ಆಗಿ ಸೇರಿ ಇಪ್ಪತ್ತಾರು ವರ್ಷವಾಯಿತು. ಅವರು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಫೋಟೋ ತೆಗೆದು, ತೊಳೆಸಿ, ಒಂದೊಂದೇ ಕ್ರೋಮೋಸೋಮನ್ನು ಕತ್ತರಿಯಲ್ಲಿ ಕತ್ತರಿಸಿ, ಜೋಡಿ ಹುಡುಕಿ ಕಾಗದಕ್ಕೆ ಅಂಟಿಸಬೇಕಿತ್ತು. ಫ್ಯಾನ್ ಹಾಕಿದರೆ ಎಲ್ಲಕ್ಕಿಂತ ಪುಟ್ಟದಾದ ಇಪ್ಪತ್ತೊಂದನೆಯದು ಹಾರಿ ಮೇಜಿನ ಕೆಳಗೆ ಬೀಳುತ್ತಿತ್ತು. ಏಪ್ರಿಲ್ ತಿಂಗಳಲ್ಲೂ ಫ್ಯಾನಿಲ್ಲದೆ ಬೆವರುತ್ತಾ ಕೂತು ಕಲಿತ ವಿದ್ಯೆ ಅದು. ಆದ್ದರಿಂದ ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವಿತ್ತು, ಇರಲಿ ಬಿಡಿ, ಸುಮ್ಮನೆ ಬಂದ ಜಂಬವಲ್ಲ.

ಕೆಲಸದ ರೀತಿ ಹೀಗೆ. ರಕ್ತದ ಜೀವಕೋಶಗಳನ್ನು ಮೂರು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ಅವು ಎರಡಾಗಲು ಹೊರಟ ಹೊತ್ತಿಗೆ ಕೋಲ್ಸಿಮಿಡ್ ಎಂಬ ಔಷಧಿ ಹಾಕಿದರೆ, ಕ್ರೋಮೋಸೋಮ್‌ಗಳನ್ನು ಆ ಕಡೆ ಈ ಕಡೆ ಎಳೆಯುವ ನೂಲುಗಳು ಕಟ್ಟಿಕೊಳ್ಳುವುದಿಲ್ಲ. ಜೀವಕೋಶ ಇದ್ದಲ್ಲೇ ನಿಂತುಬಿಡುತ್ತದೆ. ಆಮೇಲೆ ಅದಕ್ಕೆ ನೀರು ಕುಡಿಸಿ ಊದಿಸಿ, ಗಾಜಿನ ಸ್ಲೈಡಿನ ಮೇಲೆ ತೊಟ್ಟಿಕ್ಕಿದರೆ ನಲವತ್ತಾರು ಕ್ರೋಮೋಸೋಮ್ ಹರಡಿಕೊಂಡು ಬೀಳುತ್ತವೆ. ಬಣ್ಣ ಹಾಕಿ, ಇಪ್ಪತ್ತು ಒಳ್ಳೆಯ ಜೀವಕೋಶ ಹುಡುಕಿ, ಎಣಿಸಿ ಬರೆದರೆ ಆಯಿತು. ಒಂದರ ಮೇಲೊಂದು ಬಿದ್ದದ್ದು, ಸೀಳಿದ್ದು, ಬಿಚ್ಚಿಕೊಂಡದ್ದು ಎಲ್ಲಾ ಕೆಟ್ಟವು. ಅವನ್ನು ದಾಟಿ ಮುಂದೆ ಹೋಗಬೇಕು. ಹಾಗಂತ ಸುವರ್ಣಾಗೆ ಕಲಿಸಿದವರು ಹೇಳಿದ್ದರು, ಸುವರ್ಣಾ ತಮ್ಮ ಕೈಕೆಳಗೆ ಕಲಿತವರಿಗೂ ಹೇಳಿದ್ದರು.

ಒಳ್ಳೆಯದನ್ನು ಆರಿಸುವುದು ಅವರಿಗೆ ರಕ್ತದಲ್ಲೇ ಬಂದದ್ದು ಎನ್ನಬೇಕು. ತಂದೆ ಹನುಮಂತಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಬೋಲ್ಟು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ರಾಶಿ ಬೋಲ್ಟು ಸುರಿದು, ಸರಿಯಾದ್ದು ಬಲಕ್ಕೆ, ಸರಿಯಿಲ್ಲದ್ದು ಎಡಕ್ಕೆ ಹಾಕುವುದೇ ಉದ್ಯೋಗ. ಆ ಮನುಷ್ಯ ಊಟಕ್ಕೆ ಕೂತರೂ ಅನ್ನದಲ್ಲಿ ಉಳಿದ ಭತ್ತವನ್ನು ಎಡಕ್ಕೆ ಸರಿಸುತ್ತಿದ್ದರಂತೆ. ಮಗಳು ಅದನ್ನೇ ಗಾಜಿನ ಮೇಲೆ ಮಾಡಿದರು.

ಕಳೆದ ಜೂನ್‌ನಲ್ಲಿ ಲ್ಯಾಬಿಗೆ ಸ್ಪಂದನ ಬಂದಳು. ಎಂಎಸ್ಸಿ ಮುಗಿಸಿದ ಹುಡುಗಿ, ಕೆಂಗೇರಿಯಿಂದ ಮೆಟ್ರೋ ಹಿಡಿದು ಬರುವವಳು. ಬಂದ ಮೊದಲ ವಾರವೇ ಕೊಹೆಸಿನ್ ಹೀಗೆ, ಕಾಂಡೆನ್ಸಿನ್ ಹಾಗೆ ಎಂದು ಶುರು ಮಾಡಿದಳು. ಸುವರ್ಣಾಗೆ ಈ ಹೆಸರುಗಳು ಕಿವಿಗೆ ಬಿದ್ದಿದ್ದವು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಉದ್ದ ಎಳೆಯನ್ನು ಕಾಂಡೆನ್ಸಿನ್ ಕುಣಿಕೆ ಕುಣಿಕೆಯಾಗಿ ಸುತ್ತಿ ಗಟ್ಟಿ ಮಾಡುತ್ತದೆ, ನಕಲಾಗಿ ಎರಡಾದ ಎಳೆಗಳನ್ನು ಕೊಹೆಸಿನ್ ಉಂಗುರದ ಹಾಗೆ ಜೊತೆಗೆ ಹಿಡಿದಿಡುತ್ತದೆ ಎಂಬಷ್ಟು ಗೊತ್ತಿತ್ತು. ಆದರೆ ಕಣ್ಣಿಗೆ ಕಾಣುವ ಕ್ರೋಮೋಸೋಮು ಮುಂದಿರುವಾಗ ಕಣ್ಣಿಗೆ ಕಾಣದ ಉಂಗುರದ ಚಿಂತೆ ಯಾಕೆ ಎಂಬುದು ಅವರ ಲೆಕ್ಕ. ಹುಡುಗಿಗೆ 'ಪುಸ್ತಕದ ಬದನೆಕಾಯಿ' ಎಂದು ಹೆಸರಿಟ್ಟರು. ಅವಳು ನಕ್ಕಳು, ಬೇಸರ ಮಾಡಿಕೊಳ್ಳಲಿಲ್ಲ.

ಕಣ್ಣು ಪಳಗಲಿ ಎಂದು ಹಳೆಯ ಸ್ಲೈಡುಗಳ ಒಂದು ಡಬ್ಬಿಯನ್ನು ಅವಳಿಗೆ ಕೊಟ್ಟರು. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದಲ್ಲಿ ಎದುರುಬದುರು ಕೂತು, ಹುಡುಗಿ ಸ್ಲೈಡು ಸರಿಸುವುದು, ಇವರು ತಿದ್ದುವುದು. ಎರಡನೇ ಬುಧವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ಅವಳು ಒಂದು ಸ್ಲೈಡಿನ ಮೇಲೆ ನಿಂತುಬಿಟ್ಟಳು.

"ಮೇಡಂ, ಇದನ್ನೂ ಬಿಡ್ಬೇಕಾ?"

"ಬಿಡು. ಎರಡೆಳೆ ಬಿಟ್ಕೊಂಡು ರೈಲು ಹಳಿ ಥರ ಆಗಿದೆ ನೋಡು. ಕೋಲ್ಸಿಮಿಡ್ ಜಾಸ್ತಿ ಆದ್ರೆ ಹಿಂಗೇ ಆಗೋದು. ಮುಂದಕ್ಕೆ ಹೋಗು."

"ಮುಂದಿನದೂ ಹಂಗೇ ಇದೆ ಮೇಡಂ. ನಾನು ಎಣಿಸ್ತಾ ಬಂದೆ. ಮೂವತ್ತರಲ್ಲಿ ಹದಿನೇಳು."

"ಅವತ್ತು ಯಾರೋ ಗಡಿಯಾರ ನೋಡದೆ ಕೂತಿದಾರೆ ಅಷ್ಟೇ ಕಣೇ."

ಹುಡುಗಿ ಕಣ್ಣು ತೆಗೆಯಲಿಲ್ಲ. "ಆದ್ರೆ ಗಿಡ್ಡ ಆಗಿಲ್ವಲ್ಲ ಮೇಡಂ? ಔಷಧಿ ಜಾಸ್ತಿ ಆದ್ರೆ ಸೆಲ್ ನಿಂತಿರುತ್ತೆ, ಕಾಂಡೆನ್ಸಿನ್ ಮಾತ್ರ ಸುತ್ತೋದು ನಿಲ್ಸಲ್ಲ. ಸುತ್ತಿ ಸುತ್ತಿ ಮೊಂಡು ಆಗ್ಬೇಕಿತ್ತು. ಇವು ಉದ್ದಕ್ಕೆ ಸರಿಯಾಗೇ ಇವೆ. ಇನ್ನೊಂದು, ಆಗ ತುದಿ ಕಡೆಯ ತೋಳು ಬಿಟ್ಕೊಂಡ್ರೂ ನಡು ಹಿಡ್ಕೊಂಡಿರುತ್ತೆ. ಇಲ್ಲಿ ನಡುವೇ ಉಬ್ಬಿ ಬಿಟ್ಟಿದೆ."

ಸುವರ್ಣಾ ಬೈಯಲು ಬಾಯಿ ತೆರೆದವರು ಹಾಗೇ ಕಣ್ಣನ್ನು ಗಾಜಿಗೆ ಒತ್ತಿದರು. ಒಂದನೇ ಕ್ರೋಮೋಸೋಮು ಹುಡುಕಿದರು. ಅದರ ನಡು, ಯಾವಾಗಲೂ ಸೊಂಟಪಟ್ಟಿ ಬಿಗಿದ ಹಾಗೆ ಸಣ್ಣಗಿರಬೇಕಾದ ಜಾಗ, ಊದಿ ಎರಡು ಪಾಲಾಗಿತ್ತು. ಒಂಬತ್ತನೆಯದೂ ಹಾಗೇ. ಹದಿನಾರನೆಯದೂ ಹಾಗೇ.

ಅನುಮಾನ ಪರಿಹರಿಸುವ ದಾರಿ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂದು ದಿನದ ಸ್ಯಾಂಪಲ್‌ಗಳಿಗೆಲ್ಲ ಒಂದೇ ಬಾಟಲಿಯ ಔಷಧಿ, ಒಂದೇ ಗಡಿಯಾರ. ಔಷಧಿ ಹೆಚ್ಚಾಗಿದ್ದರೆ ಆ ದಿನದ ಎಲ್ಲ ಸ್ಲೈಡುಗಳೂ ಕೆಟ್ಟಿರಬೇಕು. ರಿಜಿಸ್ಟರ್ ತೆಗೆದರು. ಮೂರು ವರ್ಷದ ಹಿಂದಿನ ಆ ದಿನ ಐದು ಸ್ಯಾಂಪಲ್ಲು. ಉಳಿದ ನಾಲ್ಕರ ಸ್ಲೈಡು ಹುಡುಕಿ ಒಂದರ ಹಿಂದೊಂದು ಇಟ್ಟು ನೋಡಿದರು. ನಾಲ್ಕೂ ಚೊಕ್ಕವಾಗಿದ್ದವು.

ಐದನೆಯದರ ಎದುರು ಹೀಗೆ ಬರೆದಿತ್ತು: ಬೇಬಿ ಆಫ್ ಗುರುದೇವಿ, ಹೆಣ್ಣು, ವಯಸ್ಸು ಎರಡು ದಿನ, ಹಲವು ಅಂಗದೋಷ. ಯಾವ ಅಂಗ, ಏನು ದೋಷ ಎಂದು ಕಳಿಸಿದ ಕ್ಲಿನಿಕ್ಕಿನವರು ಬರೆದಿರಲಿಲ್ಲ, ಲ್ಯಾಬಿನವರು ಕೇಳಿಯೂ ಇರಲಿಲ್ಲ. ವರದಿಯ ನಕಲು ತೆಗೆದರೆ, ಇಪ್ಪತ್ತು ಜೀವಕೋಶ ಎಣಿಸಲಾಗಿದೆ, ನಲವತ್ತಾರು ಕ್ರೋಮೋಸೋಮ್, ಸಹಜ. ಕೆಳಗೆ ಸುವರ್ಣಾ ಅವರದೇ ದುಂಡನೆಯ ಸಹಿ.

ಹೇಗಾಯಿತು ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಮೊದಲ ಸ್ಲೈಡಿಗೆ ಬರೀ ಬಣ್ಣ ಹಾಕಿ, ಜೀವಕೋಶ ಚೆನ್ನಾಗಿ ಹರಡಿವೆಯೇ ಎಂದು ಮಾತ್ರ ನೋಡುತ್ತಾರೆ. ಎಣಿಸುವುದು, ಒಂದೊಂದು ಕ್ರೋಮೋಸೋಮಿನ ಗುರುತು ಸಿಗಲೆಂದು ಅಡ್ಡಪಟ್ಟೆ ಮೂಡಿಸಿದ ಬೇರೆ ಸ್ಲೈಡಿನಲ್ಲಿ. ಪಟ್ಟೆ ಮೂಡಿಸುವ ರಸಕ್ಕೆ ಎಳೆಗಳು ಊದಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವಿನ ಬಿರುಕು ಮುಚ್ಚಿಹೋಗುತ್ತದೆ. ಬಿರುಕು ಕಾಣುತ್ತಿದ್ದ ಮೊದಲ ಸ್ಲೈಡನ್ನು ಅವರು ಕೆಟ್ಟದ್ದೆಂದು ದಾಟಿದ್ದರು. ಎರಡನೆಯದರಲ್ಲಿ ಅಂದವಾದ ಇಪ್ಪತ್ತನ್ನು ಆರಿಸಿದ್ದರು. ಕೈಚಳಕವೇ ಕೈಕೊಟ್ಟಿತ್ತು. ಕೈಚಳಕ ಕಡಿಮೆಯಿದ್ದವರು ಬಹುಶಃ ತಬ್ಬಿಬ್ಬಾಗಿ ಯಾರನ್ನಾದರೂ ಕೇಳಿರುತ್ತಿದ್ದರು.

ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಶಶಿಕುಮಾರ್. ಕೆಟ್ಟವರಲ್ಲ, ಆದರೆ ಫೋನ್ ಬಂದರೆ ಮೊದಲು ಬೆವರುವವರು. ಸುವರ್ಣಾ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿದರು.

"ಆ ಮಗು ಇದೆಯಾ?"

"ನಾಲ್ಕನೇ ದಿನ ಹೋಯ್ತಂತೆ ಸಾರ್. ಫೈಲಲ್ಲಿದೆ."

"ಹಂಗಾದ್ರೆ ಈಗ ಯಾಕೆ ಸುವರ್ಣಮ್ಮ? ಸುಮ್ನೆ ಹುತ್ತಕ್ಕೆ ಕೈ ಹಾಕಿದ ಹಾಗೆ ಆಗುತ್ತೆ."

"ಸ್ಪಂದನ ಪುಸ್ತಕ ತೆಗೆದು ತೋರಿಸಿದ್ಲು ಸಾರ್, ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರೋ ಕಾಯಿಲೆ. ನಮ್ಮ ರಿಪೋರ್ಟ್ ನೋಡಿ ಅವರಿಗೆ ಯಾರೋ, ಏನೂ ಇಲ್ಲ, ಇನ್ನೊಂದು ಮಾಡ್ಕೊಳ್ಳಿ ಅಂದಿರ್ತಾರೆ. ಪ್ರತಿ ಸಲಾನೂ ನಾಲ್ಕರಲ್ಲಿ ಒಂದು ಪಾಲು ಇದೇ ಆಗಬಹುದು."

ಡಾಕ್ಟರು ಕನ್ನಡಕ ಹಾಕಿಕೊಂಡರು. "ಮೊದಲು ಖಾತ್ರಿ ಮಾಡ್ಕೊಳ್ಳೋಣ. ಆ ರಿಪೋರ್ಟಲ್ಲಿ ನನ್ನ ಸಹಿನೂ ಇದೆ," ಎಂದರು. ಆ ಮಾತಿಗಾಗಿ ಸುವರ್ಣಾಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಸತ್ತ ಮಕ್ಕಳ ಸ್ಯಾಂಪಲ್ಲಿನಲ್ಲಿ ಉಳಿದದ್ದನ್ನು ಐದು ವರ್ಷ ಇಟ್ಟುಕೊಳ್ಳುವ ಪದ್ಧತಿ ಆ ಲ್ಯಾಬಿನಲ್ಲಿತ್ತು. ಫ್ರೀಜರಿನ ತಳದ ಟ್ರೇಯಲ್ಲಿ, ಬೆರಳಿನ ಉಗುರಿನಷ್ಟು ಬಿಳಿಯ ಗಸಿ ಸಣ್ಣ ಕೊಳವೆಯೊಳಗೆ ಕೂತಿತ್ತು. ಮರುದಿನ ಅದರಿಂದ ಹೊಸ ಸ್ಲೈಡು ಮಾಡಿ, ನಡುವಿನ ಭಾಗ ಮಾತ್ರ ಕಪ್ಪಾಗುವ ಬಣ್ಣ ಹಾಕಿದರು. ಸರಿಯಿದ್ದ ಕ್ರೋಮೋಸೋಮಿನಲ್ಲಿ ಆ ಕಪ್ಪು ಒಂದೇ ಬೊಟ್ಟಿನಂತೆ ಕೂಡಿರುತ್ತದೆ. ಇಲ್ಲಿ ಒಂದೊಂದರಲ್ಲೂ ಎರಡು ಬೊಟ್ಟು, ನಡುವೆ ಸಂದು. ಉಂಗುರಗಳು ಇದ್ದವು, ಅವು ಬಿಗಿಯಾಗಿ ಕೂರುವ ಹಾಗೆ ಗುರುತು ಹಾಕುವ ಒಂದು ಜೀನ್ ಕೆಲಸ ಮಾಡಿರಲಿಲ್ಲ ಎಂದು ಸ್ಪಂದನ ಬಿಡಿಸಿ ಹೇಳಿದಳು. ಆ ಗುರುತಿಲ್ಲದಿದ್ದರೆ ಉಂಗುರ ಸಡಿಲ. ಸಡಿಲವಾದ ಕಡೆ ಎಳೆಗಳು ಹೊತ್ತಿಗೆ ಮುಂಚೆ ದೂರವಾಗುತ್ತವೆ, ಜೀವಕೋಶ ಎರಡಾಗುವುದಕ್ಕೆ ತಡವರಿಸುತ್ತದೆ, ಸಾಯುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಕೈಕಾಲು ಬೆಳೆಯಲು ಲಕ್ಷಗಟ್ಟಲೆ ಸಲ ಜೀವಕೋಶ ಎರಡಾಗಬೇಕು. ಈ ಸಲ ಸುವರ್ಣಾ ಅವಳನ್ನು ಬದನೆಕಾಯಿ ಎನ್ನಲಿಲ್ಲ. ಕಾಗದ ಪೆನ್ನು ಹಿಡಿದು ಕೂತು ಬರೆದುಕೊಂಡರು.

ಆ ಮಗುವಿನ ಸ್ಯಾಂಪಲ್ ಕಳಿಸಿದವರು ಸುಂಕದಕಟ್ಟೆಯಲ್ಲಿ ಸಣ್ಣ ಕ್ಲಿನಿಕ್ ಇಟ್ಟಿರುವ ಹೆರಿಗೆ ಡಾಕ್ಟರು ವರಲಕ್ಷ್ಮಿ. ಅವರಿಗೆ ಶಶಿಕುಮಾರ್ ಫೋನ್ ಮಾಡಿ ವಿಷಯ ತಿಳಿಸಿದಾಗ ಅವರು ಹೆಸರು ಕೇಳಿದ ಕೂಡಲೇ ಗುರುತು ಹಿಡಿದರು.

"ಗುರುದೇವಿ ತಾನೇ? ಆ ಕೂಸಿಗೆ ಕೈಕಾಲು ಬೆಳೆದಿರಲಿಲ್ಲ, ತುಟಿ ಸೀಳಿತ್ತು, ನೆನಪಿದೆ. ಮೊನ್ನೆ ಸೋಮವಾರ ಬಂದಿದ್ಲು ಡಾಕ್ಟ್ರೇ. ಹತ್ತು ವಾರ. ಹೋದ ಸಲದ ಟೆಸ್ಟು ನಾರ್ಮಲ್ ಇದೆ, ಧೈರ್ಯವಾಗಿರು ಅಂತ ನಾನೇ ಹೇಳಿ ಕಳಿಸಿದೆ."

ಸ್ಪೀಕರಿನಲ್ಲಿದ್ದ ಫೋನು. ಸುವರ್ಣಾ ಮೇಜಿನ ಅಂಚು ಹಿಡಿದು ನಿಂತಿದ್ದರು. ನಿಯಮದ ಪ್ರಕಾರ ತಿದ್ದಿದ ವರದಿಯನ್ನು ಡಾಕ್ಟರಿಗೆ ಕಳಿಸಿದರೆ ಲ್ಯಾಬಿನ ಕೆಲಸ ಮುಗಿಯುತ್ತದೆ, ರೋಗಿಗೆ ಹೇಳುವುದು ಡಾಕ್ಟರ ಪಾಲು. ಇಪ್ಪತ್ತಾರು ವರ್ಷದಲ್ಲಿ ಸುವರ್ಣಾ ಒಬ್ಬ ರೋಗಿಯ ಮುಖವನ್ನೂ ನೋಡಿದವರಲ್ಲ. "ನಾನೂ ಬರ್ತೀನಿ ಮೇಡಂ, ನೀವು ಹೇಳುವಾಗ," ಎಂದುಬಿಟ್ಟರು.

ಆ ರಾತ್ರಿ ಮಹಾಲಕ್ಷ್ಮಿ ಲೇಔಟಿನ ತಮ್ಮ ಮನೆಯಲ್ಲಿ ಅವರು ಅಡುಗೆ ಮಾಡಿ ಬಡಿಸಿದರು, ತಾವು ಉಣ್ಣಲಿಲ್ಲ. ಗಂಡ ಕೇಳಿದ್ದಕ್ಕೆ ತಲೆನೋವು ಎಂದರು. ಅವರಿಗೆ ನಾಚಿಕೆಯಾಗಿತ್ತು. ಭಯವೂ ಆಗಿತ್ತು, ಆದರೆ ನಾಚಿಕೆಯೇ ಹೆಚ್ಚು.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಗೆ ಹೋದರು. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಗುರುದೇವಿ ಕೂತಿದ್ದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹೆಣ್ಣು, ಹಸಿರು ಬಳೆ, ಎರಡೂ ಕೈ ಮಡಿಲಲ್ಲಿ. ಪಕ್ಕದಲ್ಲಿ ಅವಳ ಅತ್ತೆ ಹನುಮವ್ವ. ಅತ್ತೆ ಎಂದರೆ ಅತ್ತೆ ಮಾತ್ರವಲ್ಲ, ಅಜ್ಜಿಯೂ ಹೌದು. ಹನುಮವ್ವನ ಮಗಳ ಮಗಳು ಗುರುದೇವಿ, ಅವಳನ್ನು ಕೊಟ್ಟಿದ್ದು ಸೋದರಮಾವ ಫಕೀರೇಶನಿಗೆ. ಗದಗದ ಕಡೆಯವರು, ಆರು ವರ್ಷದ ಹಿಂದೆ ಇಲ್ಲಿಗೆ ಬಂದವರು. ಫಕೀರೇಶ ಬೈಕಿನಲ್ಲಿ ಊಟ ತಲುಪಿಸುವ ಕೆಲಸದವನು, ಶನಿವಾರ ರಜೆ ಸಿಗದೆ ಬಂದಿರಲಿಲ್ಲ.

ವರಲಕ್ಷ್ಮಿ ಮಾತು ಶುರು ಮಾಡಿದರು, ನಡುವೆಯೇ ಸುವರ್ಣಾ ಕೈ ಎತ್ತಿದರು.

"ನಾನೇ ಹೇಳ್ತೀನಿ ಮೇಡಂ. ಗುರುದೇವಿ, ನಿಮ್ಮ ಮೊದಲ ಮಗೂದು ರಕ್ತ ಪರೀಕ್ಷೆ ಮಾಡಿದ್ದು ನಾನು. ಸರಿ ಇದೆ ಅಂತ ಬರೆದೆ. ಸರಿ ಇರಲಿಲ್ಲ. ನಾನು ಚೆಂದ ಕಂಡಿದ್ದನ್ನ ಮಾತ್ರ ನೋಡಿ, ಚೆಂದ ಇಲ್ಲದ್ದನ್ನ ಬಿಟ್ಟೆ. ಕಾಯಿಲೆ ಆ ಬಿಟ್ಟಿದ್ದರಲ್ಲೇ ಇತ್ತು."

ಗುರುದೇವಿ ಅವರನ್ನೇ ನೋಡಿದಳು. "ಅಂದ್ರ ಏನಿತ್ತು ರೀ?"

ಸುವರ್ಣಾ ಅವಳ ಕೈಬಳೆಯನ್ನೇ ತೋರಿಸಿದರು. ಮೈಯೊಳಗಿನ ಪ್ರತಿ ಕಣದಲ್ಲೂ ಉದ್ದ ಎಳೆಗಳಿರುತ್ತವೆ, ಕಣ ಎರಡಾಗುವ ಮುಂಚೆ ಒಂದೊಂದು ಎಳೆಯೂ ಜೋಡಿಯಾಗುತ್ತದೆ, ಆ ಜೋಡಿ ಬಿಟ್ಟುಹೋಗದಂತೆ ಸುತ್ತಲೂ ಬಳೆ ತೊಡಿಸಿದ ಹಾಗೆ ಒಂದು ಹಿಡಿತವಿರುತ್ತದೆ, ಸರಿಯಾದ ಹೊತ್ತಿಗೆ ಅದು ಕಳಚಿದಾಗ ಒಂದೊಂದು ಎಳೆ ಒಂದೊಂದು ಪಾಲಿಗೆ ಹೋಗುತ್ತದೆ ಎಂದರು. ಆ ಕೂಸಿನಲ್ಲಿ ಬಳೆಗೆ ಕೊಂಡಿ ಬಿದ್ದಿರಲಿಲ್ಲ. ಎಳೆ ಸುತ್ತುವ ಕೆಲಸ ಚೆನ್ನಾಗಿಯೇ ನಡೆದಿತ್ತು, ಹಿಡಿಯುವ ಕೆಲಸ ಮಾತ್ರ ಕೆಟ್ಟಿತ್ತು. ಅದಕ್ಕೇ ಕೈಕಾಲು ಬೆಳೆಯಲಿಲ್ಲ, ತುಟಿ ಕೂಡಲಿಲ್ಲ.

"ತುಟಿನೂ?" ಎಂದಳು ಗುರುದೇವಿ.

"ತುಟಿನೂ."

"ಹಂಗಾದ್ರ ಅದು ಗ್ರಹಣದ್ದಲ್ಲೇನ್ರಿ?"

ಸುವರ್ಣಾಗೆ ಅರ್ಥವಾಗಲಿಲ್ಲ. ಗುರುದೇವಿ ಹೇಳಿದಳು. ಆ ಸಲ ದೀಪಾವಳಿ ಅಮಾವಾಸ್ಯೆಗೆ ಗ್ರಹಣ ಹಿಡಿದಿತ್ತು. ಫಕೀರೇಶ ಹಸಿದು ಬಂದಿದ್ದ, ಬಸುರಿಯಾಗಿದ್ದ ಅವಳು ಎದ್ದು ಈಳಿಗೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದ್ದಳು. ಕೂಸು ಸೀಳುತುಟಿಯಲ್ಲಿ ಹುಟ್ಟಿದಾಗ ಮನೆಮಂದಿಗೆಲ್ಲ ಅದು ನೆನಪಾಯಿತು. ಆದರೂ ಅವಳು ಟೆಸ್ಟಿನ ಮೇಲೆ ಆಸೆ ಇಟ್ಟುಕೊಂಡಿದ್ದಳು. ರಿಪೋರ್ಟ್ ಬಂತು, ಎಲ್ಲ ಸರಿಯಿದೆ ಅಂತ ಬಂತು. ರಕ್ತದಲ್ಲಿ ದೋಷವಿಲ್ಲ ಎಂದ ಮೇಲೆ ಈಳಿಗೆ ಹಿಡಿದವಳದ್ದೇ ದೋಷ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಆ ಬರೆಯ ಕಬ್ಬಿಣ ಕಾಯಿಸಿ ಕೊಟ್ಟದ್ದು ತಮ್ಮದೇ ಕಾಗದ ಎಂದು ಸುವರ್ಣಾಗೆ ಆಗ ತಿಳಿಯಿತು. ತಪ್ಪು ವರದಿಯಿಂದ ಮುಂದೆ ಬರಬಹುದಾದ ಕೇಡನ್ನು ಅವರು ಎಣಿಸಿದ್ದರು. ಆಗಲೇ ಆಗಿಹೋದ ಕೇಡನ್ನು ಎಣಿಸಿರಲಿಲ್ಲ.

"ಅಲ್ಲ," ಎಂದರು. "ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಗರ್ಭ ನಿಂತ ದಿನವೇ ಇದು ತೀರ್ಮಾನ ಆಗಿತ್ತು. ನೀವೇನೂ ಮಾಡಿಲ್ಲ ಕಣಮ್ಮ."

ಗುರುದೇವಿ ಅಳಲಿಲ್ಲ. ಅವಳ ಮುಖ ಕೆಂಪಾಯಿತು. "ಮಾಡಿದ ತಪ್ಪು ಹೇಳಾಕ ನಿಮಗ ಮೂರು ವರ್ಷ ಬೇಕಾತು. ಮಾಡದ ತಪ್ಪನ್ನ ನಾ ಮೂರು ವರ್ಷದಿಂದ ದಿನಾ ಒಪ್ಕೊಂಡು ಕುಂತೀನಿ ರೀ," ಎಂದಳು.

ಹನುಮವ್ವ ಅಷ್ಟು ಹೊತ್ತು ಗೋಡೆ ನೋಡುತ್ತಿದ್ದರು. "ಹಂಗಾರ ಎಲ್ಲಿಂದ ಬಂತು ಅದು? ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲ," ಎಂದರು.

ವರಲಕ್ಷ್ಮಿ ಮೆಲ್ಲಗೆ ವಿವರಿಸಿದರು. ಆ ಜೀನ್ ಒಬ್ಬೊಬ್ಬರಲ್ಲಿ ಎರಡು ಪ್ರತಿ ಇರುತ್ತದೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ, ಹಾಗಾಗಿ ಯಾರ ಮೈಯಲ್ಲೂ ಕಾಣುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಮನೆಯ ರಕ್ತವಾದಾಗ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರಬಹುದು, ಎರಡೂ ಒಂದು ಕೂಸಿಗೆ ಬಂದರೆ ಹೀಗೆ.

"ನನ್ನ ಮಗ. ನನ್ನ ಮಗಳ ಮಗಳು," ಎಂದು ಹನುಮವ್ವ ಬೆರಳು ಮಡಚಿದರು. "ಅಂದ್ರ ನನ್ನಿಂದನ ಬಂದೈತಿ."

"ನಿಮ್ಮಿಂದ ಬಂದಿರಬಹುದು ಅಜ್ಜಿ, ಇಲ್ಲಾ ನಿಮ್ಮ ಯಜಮಾನರಿಂದ. ಯಾರದ್ದೂ ತಪ್ಪಲ್ಲ," ಎಂದರು ಸುವರ್ಣಾ.

"ಇಕಿ ತಪ್ಪಂತ ನಾವು ಅಂದಿದ್ವಲ್ಲ," ಎಂದು ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡರು.

ಆಮೇಲಿನದು ಕಾಯುವ ಕೆಲಸ. ಕೊಳವೆಯಲ್ಲಿ ಉಳಿದ ಗಸಿಯನ್ನೂ ಗಂಡ ಹೆಂಡತಿಯ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದರು. ಖರ್ಚನ್ನು ಲ್ಯಾಬೇ ಹೊತ್ತಿತು, ಶಶಿಕುಮಾರ್ ಅದರ ಬಗ್ಗೆ ಎರಡು ಮಾತಾಡಲಿಲ್ಲ. ಕೂಸಿನಲ್ಲಿ ಎರಡೂ ಪ್ರತಿ ಕೆಟ್ಟಿದ್ದವು, ಗುರುದೇವಿಯಲ್ಲಿ ಒಂದು, ಫಕೀರೇಶನಲ್ಲಿ ಒಂದು. ಹದಿಮೂರನೇ ವಾರದ ಸ್ಕ್ಯಾನಿನಲ್ಲಿ ಕೈಕಾಲು ಕಂಡವು, ಆದರೆ ಅಷ್ಟರಿಂದಲೇ ಖಂಡಿತ ಹೇಳುವ ಹಾಗಿಲ್ಲ ಎಂದರು. ಹದಿನಾರನೇ ವಾರಕ್ಕೆ ಪರೀಕ್ಷೆಗೆಂದು ಗರ್ಭದ ನೀರು ತೆಗೆಯುವುದೆಂದಾಯಿತು. ಕಾಯಿಲೆಯಿದ್ದರೆ ಏನು ಮಾಡಬೇಕು ಎಂಬುದನ್ನು ಗಂಡ ಹೆಂಡತಿ ಮಾತಾಡಿಕೊಂಡಿದ್ದರು, ಏನೆಂದು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಈ ನಡುವೆ ಸುವರ್ಣಾ ದಿನಾ ಒಂದು ಗಂಟೆ ಹೆಚ್ಚು ಕೂತು, ಹಿಂದಿನ ವರ್ಷಗಳ ಮಕ್ಕಳ ಸ್ಲೈಡುಗಳನ್ನೆಲ್ಲ ಮತ್ತೆ ನೋಡತೊಡಗಿದರು. ಪಟ್ಟೆ ಮೂಡಿಸಿದ್ದಲ್ಲ, ಮೊದಲ ಬರೀ ಬಣ್ಣದ್ದು. ನಾನೂರಕ್ಕೂ ಮಿಕ್ಕಿದ್ದವು. ಬಿಚ್ಚಿದ್ದು ಕಂಡಾಗಲೆಲ್ಲ ರಿಜಿಸ್ಟರ್ ತೆಗೆಯುತ್ತಿದ್ದರು. ಆದರೆ ಅವೆಲ್ಲ ಗಿಡ್ಡ ಮೊಂಡು ಕ್ರೋಮೋಸೋಮ್‌ಗಳು, ತೋಳು ಅಗಲಿದರೂ ನಡು ಗಟ್ಟಿಯಾಗಿದ್ದವು, ಅದೇ ದಿನದ ಬೇರೆ ಸ್ಲೈಡುಗಳಲ್ಲೂ ಅದೇ ಕಥೆ. ನಿಜವಾಗಿಯೂ ಔಷಧಿ ಹೆಚ್ಚಾದದ್ದು. ಇನ್ನೊಂದು ಗುರುದೇವಿಯ ಕೂಸು ಸಿಗಲಿಲ್ಲ. ಇಷ್ಟು ವರ್ಷ ಅವರು ಹೇಳುತ್ತಿದ್ದುದು ನಾನೂರರಲ್ಲಿ ಒಂದು ಸಲ ಬಿಟ್ಟರೆ ಎಲ್ಲ ಸಲವೂ ಸರಿಯಾಗಿತ್ತು. ಅದು ಅವರಿಗೆ ಸಮಾಧಾನ ತರಲಿಲ್ಲ. ಗೋಡೆಗೆ ಅಂಟಿಸಿದ್ದ ಕೆಲಸದ ಕ್ರಮದಲ್ಲಿ ಒಂದು ಸಾಲು ಸೇರಿಸಿದರು: ದಾಟಿ ಹೋದ ಜೀವಕೋಶ ಎಷ್ಟು, ಯಾಕೆ ಎಂದು ಬರೆಯಬೇಕು.

ಗರ್ಭದ ನೀರಿನ ಸ್ಯಾಂಪಲ್ ಅರ್ಧ ಜೀನ್ ಪರೀಕ್ಷೆಗೆ, ಅರ್ಧ ಇವರ ಲ್ಯಾಬಿಗೆ ಬಂತು. ಗುರುದೇವಿ ಕ್ಲಿನಿಕ್ಕಿನಿಂದ ಹೇಳಿ ಕಳಿಸಿದ್ದಳು, ಆ ಬಾಯಾರ ನೋಡಲಿ, ಅಂದರೆ ಆ ಮೇಡಮ್ಮೇ ನೋಡಲಿ ಎಂದು. ಅದು ನಂಬಿಕೆಯೋ ಶಿಕ್ಷೆಯೋ ಸುವರ್ಣಾಗೆ ತಿಳಿಯಲಿಲ್ಲ. ಜೀವಕೋಶ ಬೆಳೆಯಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೇ ದಿನ ಸ್ಪಂದನಳನ್ನು ಎದುರು ಕೂರಿಸಿಕೊಂಡು, ಸ್ಲೈಡಿನ ಎಡತುದಿಯಿಂದ ಶುರು ಮಾಡಿದರು. ಆರಿಸಲಿಲ್ಲ. ಅಂದವಾದದ್ದು, ಅಂದಗೆಟ್ಟದ್ದು, ಅಡ್ಡಾದಿಡ್ಡಿ ಬಿದ್ದದ್ದು, ಬಂದ ಹಾಗೆ ನೋಡಿದರು. ಒಂದನೆಯದರ ನಡು ಬಿಗಿ. ಒಂಬತ್ತು ಬಿಗಿ. ಹದಿನಾರು ಬಿಗಿ. ಐವತ್ತು ಜೀವಕೋಶ ಮುಗಿಯುವಾಗ ಸಂಜೆಯ ಯೋಗದವರು ಮೆಟ್ಟಿಲು ಹತ್ತುತ್ತಿದ್ದರು.

"ಎಲ್ಲಾ ಹಿಡ್ಕೊಂಡಿವೆ ಮೇಡಂ," ಎಂದಳು ಸ್ಪಂದನ.

"ಜೀನ್ ರಿಪೋರ್ಟ್ ಬರಲಿ," ಎಂದು ಸುವರ್ಣಾ ಎದ್ದು ಮುಖ ತೊಳೆದುಕೊಳ್ಳಲು ಹೋದರು. ನಲ್ಲಿ ಬಿಟ್ಟುಕೊಂಡು ಅತ್ತರು.

ನಾಲ್ಕು ದಿನಕ್ಕೆ ಅದೂ ಬಂತು. ಕೂಸಿಗೆ ಕೆಟ್ಟ ಪ್ರತಿ ಒಂದೇ ಬಂದಿತ್ತು, ಅಪ್ಪ ಅಮ್ಮನ ಹಾಗೆಯೇ. ಕಾಯಿಲೆಯಿಲ್ಲ. ವರಲಕ್ಷ್ಮಿ ಗುರುದೇವಿಗೆ ತಿಳಿಸಿದರು. ಸುವರ್ಣಾ ಫೋನ್ ಮಾಡಲಿಲ್ಲ, ಮಾಡುವ ಹಕ್ಕು ತಮಗಿದೆ ಎಂದು ಅವರಿಗೆ ಅನಿಸಲಿಲ್ಲ.

ವಾರ ಕಳೆದ ಮೇಲೆ ಗುರುದೇವಿಯೇ ಹನುಮವ್ವನನ್ನು ಕರೆದುಕೊಂಡು ಲ್ಯಾಬಿಗೆ ಬಂದಳು. ಹೊಸ ರಿಪೋರ್ಟ್ ಕೊಡಲು ಸುವರ್ಣಾ ಕೈ ಚಾಚಿದರೆ ಅವಳು ತೆಗೆದುಕೊಳ್ಳಲಿಲ್ಲ.

"ಅದು ಡಾಕ್ಟರ್ ಹತ್ರ ಐತ್ರಿ. ನಂಗ ಆ ಕೂಸಿಂದು ಬೇಕು. ತಿದ್ದಿದ್ದು."

ಸುವರ್ಣಾ ಫೈಲಿನಿಂದ ತಿದ್ದಿದ ವರದಿ ತೆಗೆದುಕೊಟ್ಟರು. ಗುರುದೇವಿ ಅದನ್ನು ಹನುಮವ್ವನ ಕೈಗಿತ್ತಳು. ಮುದುಕಿಗೆ ಓದು ಬರದು. ತಿರುಗಿಸಿ ಮುರುಗಿಸಿ ನೋಡಿ, "ನೀವ ಓದ್ರಿ ಬಾಯಾರ," ಎಂದು ಸುವರ್ಣಾಗೆ ಹಿಂದಕ್ಕೆ ಕೊಟ್ಟರು.

ಸುವರ್ಣಾ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿದರು. ಹಿಂದಿನ ವರದಿ ತಪ್ಪು, ಇದು ಅದರ ಬದಲಿಗೆ. ಮೂವತ್ತರಲ್ಲಿ ಹದಿನೇಳು ಜೀವಕೋಶಗಳಲ್ಲಿ ಎಳೆಗಳು ನಡುವಿನಲ್ಲೇ ಬೇರೆಯಾಗಿವೆ. ಹುಟ್ಟಿನಿಂದ ಬಂದ ಕಾಯಿಲೆ, ತಂದೆ ತಾಯಿ ಇಬ್ಬರಿಂದಲೂ ಬಂದದ್ದು.

"ಮ್ಯಾಲೆ ಹೆಸರೇನಂತ ಬರದೈತಿ?" ಎಂದು ಕೇಳಿದರು ಹನುಮವ್ವ.

"ಹೆಸರಿಲ್ಲ ಅಜ್ಜಿ. ಗುರುದೇವಿಯ ಮಗು ಅಂತಷ್ಟೇ ಇದೆ. ಹೆಸರಿಡೋ ಮುಂಚೆನೇ ಹೋಯ್ತಲ್ಲ."

"ಇಟ್ಟಿದ್ದೆ," ಎಂದಳು ಗುರುದೇವಿ. "ಆಸ್ಪತ್ರ್ಯಾಗ, ಎರಡನೇ ದಿನ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ಹನುಮವ್ವ ಮೊಮ್ಮಗಳ ಕಡೆ ತಿರುಗಿದರು.

"ಏನಂತ ಇಟ್ಟಿದ್ದೆವ್ವಾ?"

"ನೀಲಾ."

ಮುದುಕಿ ಆ ಹೆಸರನ್ನು ತಮ್ಮಷ್ಟಕ್ಕೆ ಒಂದು ಸಲ ಅಂದು ನೋಡಿದರು. ಆಮೇಲೆ ಅಲ್ಲೇ, ಲ್ಯಾಬಿನ ಬೆಂಚಿನ ಮೇಲೆ ಕೂತು, ಮೂರು ವರ್ಷದ ಹಿಂದೆ ಅಳಬೇಕಾಗಿದ್ದುದನ್ನು ಅತ್ತರು.